ತೋಟದ ಕೆಸರಿಗೆ ಆಲ್ ವೀಲ್ ಡ್ರೈವ್ ಸಾಕೇ, ಫೋರ್ ಬೈ ಫೋರೇ ಬೇಕೇ?

ಪ್ರಶ್ನೆ: ನಮ್ಮ ಮನೆ ಸಕಲೇಶಪುರದ ಕಡೆ. ಡಾಂಬರು ಬಿಟ್ಟ ಮೇಲೆ ತೋಟದೊಳಗಿನ ಮಣ್ಣಿನ ಏರು ಹತ್ತಬೇಕು. ಮಳೆಗಾಲದಲ್ಲಿ ನಮ್ಮ ಸಣ್ಣ ಕಾರು ಅರ್ಧ ಏರಿನಲ್ಲೇ ನಿಂತು ಮುಂದಿನ ಚಕ್ರ ಸುಮ್ಮನೆ ತಿರುಗುತ್ತದೆ. ಕೆಲವರು ಆಲ್ ವೀಲ್ ಡ್ರೈವ್ ತಗೊಳ್ಳಿ ಅನ್ನುತ್ತಾರೆ, ಕೆಲವರು ಫೋರ್ ಬೈ ಫೋರ್ ಅನ್ನುತ್ತಾರೆ. ಎರಡರಲ್ಲೂ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವುದಾದರೆ ವ್ಯತ್ಯಾಸ ಏನು?

ಉತ್ತರ: ಮೊದಲು ನಿಮ್ಮ ಈಗಿನ ಕಾರಿನ ಕಥೆ ನೋಡೋಣ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಓಡುವಂಥವು. ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆಯೇ ಇರುವುದರಿಂದ ಸಮತಟ್ಟಾದ ಒದ್ದೆ ರಸ್ತೆಯಲ್ಲಿ ಆ ಭಾರವೇ ಚಕ್ರಕ್ಕೆ ಹಿಡಿತ ಕೊಡುತ್ತದೆ. ಏರು ಬಂದಾಗ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರ ಹಗುರವಾಗಿ ಜಾರುತ್ತದೆ. ಮಲೆನಾಡಿನಲ್ಲಿ ಕೆಲವರು ಇಂಥ ಕಾರನ್ನು ರಿವರ್ಸ್‌ನಲ್ಲಿ ಏರು ಹತ್ತಿಸುವುದು ಇದಕ್ಕೇ. ಆಗ ಓಡಿಸುವ ಚಕ್ರ ಕೆಳಬದಿಗೆ ಬಂದು ಭಾರ ಅದರ ಮೇಲೆ ಕೂರುತ್ತದೆ.

ಬೊಲೆರೊ, ಇನ್ನೋವಾ ಕ್ರಿಸ್ಟಾ ಹಿಂದಿನ ಚಕ್ರದಿಂದ ಓಡುತ್ತವೆ. ಜನ, ಗೊಬ್ಬರದ ಮೂಟೆ ತುಂಬಿದಷ್ಟೂ ಏರಿನಲ್ಲಿ ಇವಕ್ಕೆ ಹಿಡಿತ ಜಾಸ್ತಿ. ಖಾಲಿ ಗಾಡಿಯ ಹಿಂಬದಿ ಮಾತ್ರ ಕೆಸರಿನಲ್ಲಿ ಅತ್ತಿತ್ತ ಜಾರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಯಾವುದು ಜೋಡಿಸುತ್ತದೆ ಎನ್ನುವುದರಲ್ಲಿದೆ. ಜಿಮ್ನಿ, ಫೋರ್ ಬೈ ಫೋರ್ ಥಾರ್‌ನಂಥ ಗಾಡಿಗಳಲ್ಲಿ ಶಕ್ತಿಯನ್ನು ಎರಡೂ ಆಕ್ಸಲ್‌ಗೆ ಹಂಚುವ ಗೇರುಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ನಾಲ್ಕೂ ಚಕ್ರ ಓಡಿಸುವ 4H ಹಾಕಿದಿರಿ ಎಂದರೆ ಎರಡೂ ಆಕ್ಸಲ್‌ಗೆ ಹೋಗುವ ಶಾಫ್ಟ್‌ಗಳು ಬಿಗಿಯಾಗಿ ಬೆಸೆದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದಿನದು ಜಾರಿದರೂ ಹಿಂದಿನದು ತಳ್ಳುತ್ತದೆ.

ಈ ಬಿಗಿತವೇ ಡಾಂಬರಿನ ಮೇಲೆ ತೊಂದರೆ. ಜಿಮ್ನಿಯ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ 2.59 ಮೀಟರ್ ದೂರ. ಹಿಂದಿನ ಆಕ್ಸಲ್‌ನ ಮಧ್ಯಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ ಮುಂದಿನದು ಸುಮಾರು 5.6 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಹಿಂದಿನದು 7.9 ಮೀಟರ್ ಕ್ರಮಿಸಿದರೆ ಮುಂದಿನದು 8.8 ಮೀಟರ್. ಒಂದೇ ತಿರುವಿಗೆ ಹತ್ತಿರ ಹತ್ತಿರ 1 ಮೀಟರ್ ವ್ಯತ್ಯಾಸ! ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಆ ಒತ್ತಡವೆಲ್ಲ ಶಾಫ್ಟ್, ಗೇರುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಬಿಗಿಯಾಗುವುದು, ತಿರುವಿನಲ್ಲಿ ಗಾಡಿ ಯಾರೋ ಹಿಡಿದೆಳೆದಂತೆ ತಡೆಯುವುದು, ಎರಡೇ ಚಕ್ರ ಓಡಿಸುವ 2Hಗೆ ಹಾಕಿದರೂ 4WD ದೀಪ ಆರದಿರುವುದು ಇದರ ಲಕ್ಷಣ. ಸ್ಟೀರಿಂಗ್ ನೇರ ಮಾಡಿ ಕೆಲವು ಮೀಟರ್ ಹಿಂದಕ್ಕೆ ಓಡಿಸಿದರೆ ಸಾಮಾನ್ಯವಾಗಿ ಬಿಗಿತ ಸಡಿಲಗೊಂಡು ಗೇರು ಬಿಟ್ಟುಕೊಳ್ಳುತ್ತದೆ. ತೋಟದ ಗೇಟು ದಾಟಿ ಡಾಂಬರಿಗೆ ಬಂದ ಕೂಡಲೇ 2H ಹಾಕುವುದು ಅಭ್ಯಾಸವಾಗಲೇಬೇಕು.

ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್‌ನಂಥ ಆಲ್ ವೀಲ್ ಡ್ರೈವ್‌ನಲ್ಲಿ ಆ ಜಾಗದಲ್ಲಿ ಕ್ಲಚ್ ಇರುತ್ತದೆ. ಗಾಡಿ ಹೆಚ್ಚಾಗಿ ಮುಂದಿನ ಚಕ್ರದಿಂದಲೇ ಓಡುತ್ತದೆ. ಜಾರುವ ಲಕ್ಷಣ ಕಂಡಾಗ ಕಂಪ್ಯೂಟರ್ ಆ ಕ್ಲಚ್ ಬಿಗಿಮಾಡಿ ಹಿಂದಕ್ಕೂ ಶಕ್ತಿ ಕಳಿಸುತ್ತದೆ. ಬೇಕಾದಷ್ಟು ಸಡಿಲವೂ ಆಗುವುದರಿಂದ ಶಿರಾಡಿ ಘಾಟಿಯ ಒದ್ದೆ ತಿರುವಿನಲ್ಲಿ ನೀವು ಏನನ್ನೂ ಒತ್ತಬೇಕಿಲ್ಲ. ಆದರೆ ಗಾಡಿ ಹೂತು, ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸುತ್ತಲೇ ಇದ್ದರೆ ಕ್ಲಚ್ ಬಿಸಿಯಾಗುತ್ತದೆ. ಅತಿಯಾಗಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ಹಿಂದಿನ ಚಕ್ರಕ್ಕೆ ಶಕ್ತಿ ಕಡಿತಗೊಳಿಸುತ್ತದೆ. ನಿಮಗೆ ಬೇಕಾದ ಹೊತ್ತಿಗೇ ಅದು ಇಲ್ಲದಂತಾಗುತ್ತದೆ.

ಇನ್ನೊಂದು ದೊಡ್ಡ ಅಂತರ 4L, ಅಂದರೆ ಲೋ ರೇಂಜ್. ಇದನ್ನು ಹಾಕಿದರೆ ಚಕ್ರದ ವೇಗ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿದು, ಎಳೆತ ಅಷ್ಟೇ ಪಟ್ಟು ಏರುತ್ತದೆ. ಕಡಿದಾದ ಏರನ್ನು ಕ್ಲಚ್ ಸುಡದೆ ನಿಧಾನಕ್ಕೆ ಹತ್ತಬಹುದು. ಇಳಿಯುವಾಗ ಮೊದಲ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಸಾಮಾನ್ಯ ಆಲ್ ವೀಲ್ ಡ್ರೈವ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ.

ಫೋರ್ ಬೈ ಫೋರ್‌ಗೂ ಮಿತಿ ಇದೆ. ಆಕ್ಸಲ್‌ನಲ್ಲಿರುವ ಸಾಧಾರಣ ಡಿಫರೆನ್ಷಿಯಲ್, ಎಡ ಬಲ ಚಕ್ರಗಳಲ್ಲಿ ಹಗುರವಾದದ್ದಕ್ಕೆ ತಿರುಗಲು ಬಿಡುತ್ತದೆ. ಗುಂಡಿಯಲ್ಲಿ ಮುಂದಿನದೊಂದು, ಹಿಂದಿನದೊಂದು ಚಕ್ರ ಗಾಳಿಯಲ್ಲಿ ತೂಗಿದರೆ ಅವೆರಡೇ ತಿರುಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಜಿಮ್ನಿಯಲ್ಲಿ ಹಾಗೆ ತಿರುಗುವ ಚಕ್ರಕ್ಕೆ ಗಾಡಿ ತಾನೇ ಬ್ರೇಕ್ ಹಿಡಿದು ಇನ್ನೊಂದಕ್ಕೆ ಶಕ್ತಿ ದಾಟಿಸುತ್ತದೆ. ಕೊಳ್ಳುವಾಗ ಇಂಥದ್ದೋ, ಲಾಕ್ ಆಗುವ ಡಿಫರೆನ್ಷಿಯಲ್ಲೋ ಇದೆಯೇ ಎಂದು ಕೇಳಿ. ಜೊತೆಗೆ, ನಾಲ್ಕು ಚಕ್ರ ಓಡಿಸಿದ ಮಾತ್ರಕ್ಕೆ ಬ್ರೇಕ್ ಬೇಗ ಹಿಡಿಯುವುದಿಲ್ಲ; ಅದು ಟೈರಿನ ಹಿಡಿತಕ್ಕೆ ಬಿಟ್ಟದ್ದು.

ನಿಮ್ಮ ಏರು ಜಲ್ಲಿ ಹಾಕಿದ್ದಾಗಿದ್ದು ಮಳೆಯಲ್ಲಿ ಜಾರುವುದಷ್ಟೇ ಸಮಸ್ಯೆಯಾದರೆ ಆಲ್ ವೀಲ್ ಡ್ರೈವ್ ಸಾಕು, ಹೆದ್ದಾರಿಯಲ್ಲೂ ಅದೇ ಹಿತ. ಚಕ್ರ ಹೂತುಹೋಗುವಷ್ಟು ಜೇಡಿಮಣ್ಣಿದ್ದರೆ, ಅಥವಾ ಮೂಟೆ ಹೇರಿಕೊಂಡು ಕಡಿದಾದ ಇಳಿಜಾರು ಇಳಿಯಬೇಕಾದರೆ 4L ಇರುವ ಗಾಡಿಯನ್ನೇ ತಗೊಳ್ಳಿ. ಯಾವುದೇ ಆದರೂ ನಾಲ್ಕೂ ಟೈರು ಒಂದೇ ಅಳತೆಯವಾಗಿ, ಸುಮಾರಾಗಿ ಒಂದೇ ಸಮ ಸವೆದಿರಲಿ. ಹೊಸದು ಹಳೆಯದು ಬೆರೆಸಿದರೆ ಸುತ್ತಳತೆ ಬೇರೆಯಾಗಿ, ನೇರ ರಸ್ತೆಯಲ್ಲೂ ಆ ಕ್ಲಚ್ಚಿಗೆ, ಗೇರಿಗೆ ಬಿಡುವಿಲ್ಲದ ಒತ್ತಡ.