ಟಾಲ್ಕಂ ಪೌಡರ್, ಬೆವರುಸಾಲೆ ಪೌಡರ್: ಹೆಸರು ಎರಡು, ಒಳಗಿರುವ ಪುಡಿ ಯಾವುದು?

ಟಾಲ್ಕಂ ಪೌಡರ್ ಎಂದರೆ ಟಾಲ್ಕ್ ಎಂಬ ಖನಿಜವನ್ನು ನುಣ್ಣಗೆ ಪುಡಿ ಮಾಡಿ ಸುವಾಸನೆ ಬೆರೆಸಿದ್ದು. ನಾವು ಬಳಪದ ಕಲ್ಲು ಎನ್ನುವ ಮೆದು ಕಲ್ಲಿನಲ್ಲಿ ಹೆಚ್ಚಾಗಿರುವುದು ಇದೇ ಖನಿಜ. ಉಗುರಿನಿಂದ ಗೀರಿದರೂ ಅದರ ಮೇಲೆ ಗೆರೆ ಬೀಳುತ್ತದೆ. ಬೆವರುಸಾಲೆ ಪೌಡರ್ ಎನ್ನುವುದು ಒಂದು ವಸ್ತುವಿನ ಹೆಸರಲ್ಲ, ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ಹೇಳುವ ಹೆಸರು. ಅಂಗಡಿಯಲ್ಲಿ ಸಿಗುವ ಇಂಥ ಡಬ್ಬಿಗಳಲ್ಲಿ ಹಲವಕ್ಕೆ ಟಾಲ್ಕೇ ಮೂಲ ಪುಡಿ. ಅದಕ್ಕೆ ಪಿಷ್ಟ, ಜಿಂಕ್ ಆಕ್ಸೈಡ್, ಮೆಂಥಾಲ್, ಕೆಲವದರಲ್ಲಿ ಬೋರಿಕ್ ಆಮ್ಲ ಅಥವಾ ಸ್ಯಾಲಿಸಿಲಿಕ್ ಆಮ್ಲ ಸೇರಿಸಿರುತ್ತಾರೆ. ಹಾಗಾಗಿ ‘ಟಾಲ್ಕಂ ಒಳ್ಳೆಯದಲ್ಲವಂತೆ, ಅದಕ್ಕೇ ಬೆವರುಸಾಲೆ ಪೌಡರ್ ತಂದೆ’ ಎಂದು ಡಬ್ಬಿ ಬದಲಿಸಿದವರು ಎಷ್ಟೋ ಸಲ ಅದೇ ಟಾಲ್ಕನ್ನೇ ಮನೆಗೆ ತಂದಿರುತ್ತಾರೆ. ಮುಂಭಾಗದ ಹೆಸರು ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಬೇಕು. ಪಟ್ಟಿಯಲ್ಲಿ ಟಾಲ್ಕ್ ಮೊದಲಿಗೇ ಇದ್ದರೆ ಸಾಮಾನ್ಯವಾಗಿ ಡಬ್ಬಿಯಲ್ಲಿ ಅದರದೇ ಹೆಚ್ಚಿನ ಪಾಲು.

ಬೆವರಿದ ಮೈಮೇಲೆ ಈ ಪುಡಿಗಳು ಒಂದೇ ಕೆಲಸ ಮಾಡುವುದಿಲ್ಲ. ಟಾಲ್ಕಿನ ಕಣಗಳು ತೆಳು ಹಾಳೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಅದರಿಂದ ತೊಡೆಗೆ ತೊಡೆ, ಕಂಕುಳಿಗೆ ತೋಳು ಉಜ್ಜುವುದು ಕಡಿಮೆಯಾಗುತ್ತದೆ. ಆದರೆ ಅದು ನೀರನ್ನು ಅಷ್ಟಾಗಿ ಹೀರುವುದಿಲ್ಲ. ಟಾಲ್ಕಿನ ಮೇಲ್ಮೈಗೆ ನೀರು ಸುಲಭವಾಗಿ ಅಂಟುವುದೇ ಇಲ್ಲ. ‘ಪೌಡರ್ ಬೆವರು ಹೀರುತ್ತದೆ’ ಎಂಬ ಮಾತು ಹೆಚ್ಚು ಒಪ್ಪುವುದು ಪಿಷ್ಟಕ್ಕೆ, ಅಂದರೆ ಮೆಕ್ಕೆಜೋಳದ ಹಿಟ್ಟಿನಂಥ ಪುಡಿಗೆ. ಅದಕ್ಕೂ ಮಿತಿ ಇದೆ. ಹೀರುವಷ್ಟು ಹೀರಿದ ಮೇಲೆ ಅಂಟಂಟಾಗಿ ಮಡಿಕೆಗಳಲ್ಲಿ ಮುದ್ದೆ ಕಟ್ಟುತ್ತದೆ. ಜಿಂಕ್ ಆಕ್ಸೈಡ್ ಕೆಂಪಾದ ಚರ್ಮವನ್ನು ಸ್ವಲ್ಪ ಶಮನ ಮಾಡುತ್ತದೆ, ಸೋಂಕನ್ನೂ ಅಲ್ಪಮಟ್ಟಿಗೆ ತಡೆಯುತ್ತದೆ. ಮೆಂಥಾಲ್ ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳನ್ನು ಕೆರಳಿಸುತ್ತದೆ. ಹಚ್ಚಿದವರಿಗೆ ತಣ್ಣಗೆನಿಸುತ್ತದೆ, ತುರಿಕೆಯೂ ತುಸು ಹೊತ್ತು ಮರೆಯಾಗುತ್ತದೆ, ಆದರೆ ಮೈ ಒಣಗಿರುವುದಿಲ್ಲ. ಈ ಒಂದು ವಿಷಯ ತಿಳಿಯದೆಯೇ ಜನ ತಂಪು ಕಡಿಮೆಯಾದಾಗಲೆಲ್ಲ ಮತ್ತೊಂದು ಪದರ ಸುರಿದುಕೊಳ್ಳುತ್ತಾರೆ.

ನಿಮ್ಮ ಡಬ್ಬಿಯಲ್ಲಿ ಪಿಷ್ಟ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಒಂದು ತಟ್ಟೆಯಲ್ಲಿ ಕಾಲು ಚಮಚ ಪೌಡರ್ ಹಾಕಿ, ಸ್ವಲ್ಪ ನೀರಿನಲ್ಲಿ ಕಲಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ ಬಿಡಿ. ಪಿಷ್ಟ ಸಾಕಷ್ಟಿದ್ದರೆ ಹನಿ ಬಿದ್ದ ಜಾಗ ಕಡುನೀಲಿಗೆ, ಕಪ್ಪಿಗೆ ತಿರುಗುತ್ತದೆ. ಬರೀ ಟಾಲ್ಕ್ ಆಗಿದ್ದರೆ ಅಯೋಡಿನ್ನಿನ ಕಂದು ಬಣ್ಣವೇ ಉಳಿಯುತ್ತದೆ. ಪಿಷ್ಟ ಇದ್ದ ಮಾತ್ರಕ್ಕೆ ಟಾಲ್ಕ್ ಇಲ್ಲವೆಂದು ತಿಳಿಯಬಾರದು, ಎರಡೂ ಕೂಡಿಯೇ ಇರಬಹುದು. ಅದಕ್ಕೆ ಪಟ್ಟಿಯನ್ನೇ ನೋಡಬೇಕು.

ಇನ್ನು ಬೆವರುಸಾಲೆ ಹೇಗೆ ಬರುತ್ತದೆ ಎಂಬುದು. ಬೆವರು ಗ್ರಂಥಿಯಿಂದ ಚರ್ಮದ ಮೇಲಕ್ಕೆ ಬರುವ ಸಣ್ಣ ನಾಳದ ಬಾಯಿ ಕಟ್ಟಿಕೊಳ್ಳುತ್ತದೆ. ಬಹಳ ಹೊತ್ತು ಒದ್ದೆಯಾಗಿರುವ ಚರ್ಮದ ಹೊರಪದರ ನೆನೆದು ಉಬ್ಬುತ್ತದೆ. ಚರ್ಮದ ಮೇಲೆ ಸಹಜವಾಗಿ ಇರುವ ಬ್ಯಾಕ್ಟೀರಿಯಾ ಅಂಟುಪದಾರ್ಥವನ್ನೂ ಉಂಟುಮಾಡುತ್ತವೆ. ಹೊರಬರಲಾಗದ ಬೆವರು ಚರ್ಮದೊಳಗೇ ಸೋರುತ್ತದೆ. ತಡೆ ತೀರಾ ಮೇಲೇ ಇದ್ದರೆ ಇಬ್ಬನಿಯಂಥ ಸ್ವಚ್ಛ ಗುಳ್ಳೆ ಎದ್ದು, ತುರಿಸದೆ ಒಡೆದುಹೋಗುತ್ತದೆ. ಸ್ವಲ್ಪ ಒಳಗಿದ್ದರೆ ಕೆಂಪು ಗುಳ್ಳೆ, ಚುಚ್ಚಿದಂಥ ನೋವು, ತುರಿಕೆ. ಕಾರಣ ಇದಾದ್ದರಿಂದ ಯಾವ ಪೌಡರೂ ಕಟ್ಟಿಕೊಂಡ ನಾಳವನ್ನು ತೆರೆಯುವುದಿಲ್ಲ. ಹೊರಪದರ ತಾನೇ ಸವೆದು ಉದುರಬೇಕು. ಅದಕ್ಕೆ ಕೆಲವು ದಿನ ಬೇಕು, ಮತ್ತು ಆ ದಿನಗಳಲ್ಲಿ ಮೈ ಆದಷ್ಟು ಒಣಗಿರಬೇಕು.

ದಾವಣಗೆರೆಯಲ್ಲಿ ಈ ತೊಂದರೆ ಹೆಚ್ಚುವುದು ಬಿಸಿಲು ಅತಿಯಾದ ದಿನಗಳಲ್ಲಲ್ಲ, ಮಳೆ ಬಂದು ಹೋದ ಮೇಲಿನ ಸೆಕೆಯಲ್ಲಿ. ಮಾರ್ಚ್, ಏಪ್ರಿಲ್‌ನ ಬಿಸಿಲು ಸುಡುತ್ತದೆ, ಆದರೆ ಗಾಳಿ ಒಣದಾಗಿರುವುದರಿಂದ ಬೆವರು ಆರುತ್ತದೆ. ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಮಳೆ ಬಿದ್ದು ನಿಂತ ಮೇಲೆ ಗಾಳಿಯಲ್ಲಿ ತೇವ ತುಂಬುತ್ತದೆ, ಭದ್ರಾ ನಾಲೆಯ ಗದ್ದೆ ಬಯಲಿನ ಕಡೆಯಂತೂ ಇನ್ನೂ ಹೆಚ್ಚು. ಬೆವರು ಆರದೆ ಮೈಮೇಲೇ ಹರಿಯುತ್ತದೆ. ಚಿತ್ರದುರ್ಗದ ಕಡೆ ಗಾಳಿ ಹೆಚ್ಚು ಒಣದಾಗಿರುವುದರಿಂದ ಅದೇ ಬಿಸಿಲಿಗೂ ಅಷ್ಟು ಕಾಡುವುದಿಲ್ಲ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಳಗಿನ ಜಾವ ಸ್ನಾನ ಮಾಡಿ, ಮೈ ಅರೆಬರೆ ಒರೆಸಿ, ಬೆನ್ನಿಗೆ, ಎದೆಗೆ, ಸೊಂಟಕ್ಕೆ ಧಾರಾಳವಾಗಿ ಪೌಡರ್ ಸುರಿದುಕೊಂಡು ಹೊರಡುತ್ತಾರೆ. ಒಂದೆರಡು ಗಂಟೆ ಭಟ್ಟಿಯ ಉರಿಯ ಮುಂದೆ ನಿಂತ ಮೇಲೆ ಬೆವರಿನ ಜೊತೆ ಪೌಡರ್ ಕಲಸಿ ಸೊಂಟದ ಎಲಾಸ್ಟಿಕ್ ಕೆಳಗೆ ಬಿಳಿ ಗೆರೆಯಾಗಿ ಗಟ್ಟಿಯಾಗುತ್ತದೆ. ಮಧ್ಯಾಹ್ನ ಊಟಕ್ಕೆ ಬಂದಾಗ ತುರಿಕೆ. ಒದ್ದೆ ಮೈಮೇಲೆಯೇ ಎರಡನೆಯ ಪದರ. ಸಂಜೆ ಹೊತ್ತಿಗೆ ಸೊಂಟದ ಸುತ್ತ ಕೆಂಪು ಪಟ್ಟಿ, ಅದರ ಮೇಲೆ ಗುಳ್ಳೆ. ಇವರು ಮೊದಲು ಸುವಾಸನೆಯ ಟಾಲ್ಕಂ ಬಳಸುತ್ತಿದ್ದರು, ಈಗ ತಂಪಿನ ಪೌಡರ್ ತಂದರು, ಎರಡರಲ್ಲೂ ಫಲ ಒಂದೇ. ಇಲ್ಲಿ ತಪ್ಪಿದ್ದು ಡಬ್ಬಿಯ ಆಯ್ಕೆಯಲ್ಲ, ಹಚ್ಚುವ ಹೊತ್ತು.

ಇವರು ಮಾಡಬೇಕಾದದ್ದು ಹೀಗೆ. ಸ್ನಾನದ ನಂತರ ಮೃದು ಹತ್ತಿ ಟವೆಲ್ಲಿನಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಸಮಯವಿದ್ದರೆ ಫ್ಯಾನಿನ ಕೆಳಗೆ ಹತ್ತು ಹದಿನೈದು ನಿಮಿಷ ಕುಳಿತು, ಸೊಂಟದ ಮೇಲೆ ಕೈ ಇಟ್ಟರೆ ಜಾರದೆ ಒಣಗಿದೆ ಎನಿಸಿದ ಮೇಲೆ ಪೌಡರ್ ಹಚ್ಚಬೇಕು. ಎದೆ, ಬೆನ್ನು, ಸೊಂಟಕ್ಕೆಲ್ಲ ಸೇರಿ ಒಂದು ಟೀ ಚಮಚ ಸಾಕು. ಅದನ್ನು ಅಂಗೈಗೆ ಹಾಕಿಕೊಂಡು, ಎರಡು ಕೈಗಳಲ್ಲಿ ಹರಡಿ, ಮೈಗೆ ತೆಳ್ಳಗೆ ಸವರಬೇಕು. ಚರ್ಮದ ಬಣ್ಣ ಕಾಣುತ್ತಿರಬೇಕು. ಬಿಳಿಯಾಗಿ ಕಂಡರೆ ಹೆಚ್ಚಾಗಿದೆ ಎಂದೇ ಅರ್ಥ. ಮಧ್ಯಾಹ್ನ ಮತ್ತೆ ಬೇಕೆನಿಸಿದರೆ ಮೊದಲು ಸಾದಾ ನೀರಿನಲ್ಲಿ ಹಳೆಯ ಪೌಡರ್ ತೊಳೆದು, ಒಣಗಿಸಿ, ಆಮೇಲೆ ಹಚ್ಚಬೇಕು. ಬೆವರಿದ ಬನಿಯನ್ನು ಬದಲಿಸಲು ಒಂದು ಹೆಚ್ಚುವರಿ ಬನಿಯನ್ನು ಚೀಲದಲ್ಲಿಟ್ಟುಕೊಂಡರೆ ಪೌಡರಿಗಿಂತ ಹೆಚ್ಚು ಉಪಯೋಗ. ಸಂಜೆ ಉಳಿದ ಪುಡಿಯನ್ನೆಲ್ಲ ತೊಳೆದು ಮಲಗಬೇಕು. ಗುಳ್ಳೆ ಎದ್ದ ಮೇಲೆ ಸುವಾಸನೆಯ ಪೌಡರ್ ನಿಲ್ಲಿಸಿ ಕ್ಯಾಲಮೈನ್ ಲೋಷನ್ ಹಚ್ಚುವುದು ಒಳ್ಳೆಯದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರಿ ಅದರ ಮೇಲೆ ಪೌಡರ್ ಹಾಕುವ ಅಭ್ಯಾಸ ಬೇಡ. ಆ ಜಿಡ್ಡು ನಾಳದ ಬಾಯಿಯನ್ನು ಇನ್ನಷ್ಟು ಮುಚ್ಚುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ತೊಡೆಸಂದು, ಕಂಕುಳು, ಸ್ತನದ ಕೆಳಗಿನ ಮಡಿಕೆಯಲ್ಲಿ ಅಂಚು ಎದ್ದು ಕಾಣುವ, ಅಂಚಿನಲ್ಲೇ ಹೆಚ್ಚು ಕೆಂಪಾಗಿ, ದಿನದಿನಕ್ಕೆ ಹರಡುವ, ಒಳಭಾಗ ತಿಳಿಯಾಗುವ ವೃತ್ತ ಕಂಡರೆ ಅದು ಬೆವರುಸಾಲೆಯಲ್ಲ, ಹುಳುಕಡ್ಡಿ ಇರಬಹುದು. ಅದು ಶಿಲೀಂಧ್ರ, ಅದಕ್ಕೆ ಬೆವರುಸಾಲೆ ಪೌಡರ್ ಸಾಲದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೊಡುವ, ಸ್ಟೆರಾಯ್ಡ್ ಬೆರೆತ ಮಿಶ್ರಣ ಕ್ರೀಮ್ ಹಚ್ಚಿದರೆ ಮೊದಲ ವಾರ ತುರಿಕೆ ಇಳಿದು ವಾಸಿಯಾದಂತೆ ಕಾಣುತ್ತದೆ, ನಿಲ್ಲಿಸಿದ ಕೂಡಲೇ ಮತ್ತಷ್ಟು ಹರಡಿ ಬರುತ್ತದೆ. ಇದನ್ನು ಚರ್ಮದ ವೈದ್ಯರಿಗೆ ತೋರಿಸಿಯೇ ಔಷಧಿ ಮಾಡಬೇಕು.

ಸುರಕ್ಷತೆಯ ಪ್ರಶ್ನೆಯಲ್ಲಿ ಎರಡು ವಿಷಯ ಬೆರೆತುಹೋಗಿವೆ, ಬಿಡಿಸಿ ನೋಡಬೇಕು. ಮೊದಲನೆಯದು ಕಲ್ನಾರು. ಟಾಲ್ಕ್ ಮತ್ತು ಕಲ್ನಾರು ನೆಲದೊಳಗೆ ಒಂದೇ ಬಗೆಯ ಬಂಡೆಗಳಲ್ಲಿ ಅಕ್ಕಪಕ್ಕ ಹುಟ್ಟಬಹುದು, ಹಾಗಾಗಿ ಗಣಿಯ ಟಾಲ್ಕಿನಲ್ಲಿ ಕಲ್ನಾರಿನ ಎಳೆ ಸೇರಿಕೊಳ್ಳುವ ಅಪಾಯವಿದೆ. ಕಲ್ನಾರು ಕ್ಯಾನ್ಸರ್ ತರುವುದು ಖಚಿತವಾಗಿರುವ ಸಂಗತಿ. ಎರಡನೆಯದು ಟಾಲ್ಕ್ ಸ್ವತಃ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕನ್ನು ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲದು’ ಎಂಬ ವರ್ಗಕ್ಕೆ ಸೇರಿಸಿತು. ಗುಪ್ತಾಂಗದ ಬಳಿ ವರ್ಷಗಟ್ಟಲೆ ಬಳಸಿದ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರಿನ ಸೂಚನೆ ಕಂಡದ್ದು ಅದಕ್ಕೆ ಒಂದು ಆಧಾರ, ಪ್ರಾಣಿಗಳ ಮೇಲಿನ ಪ್ರಯೋಗ ಇನ್ನೊಂದು. ಈ ವರ್ಗೀಕರಣ ಅಪಾಯಕ್ಕೆ ಸಾಧ್ಯತೆ ಇದೆಯೇ ಎಂಬುದನ್ನು ಹೇಳುತ್ತದೆ, ಬೆನ್ನಿಗೆ ಚಿಟಿಕೆ ಹಚ್ಚಿದವರಿಗೆ ಎಷ್ಟು ಅಪಾಯ ಎಂಬುದನ್ನು ಅಳೆಯುವುದಿಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅಮೆರಿಕ, ಕೆನಡಾಗಳಲ್ಲಿ ಟಾಲ್ಕಿನ ಬೇಬಿ ಪೌಡರ್ ಮಾರಾಟವನ್ನು 2020ರಲ್ಲಿ ನಿಲ್ಲಿಸಿ, 2023ರಲ್ಲಿ ಜಗತ್ತಿನಾದ್ಯಂತ ಮೆಕ್ಕೆಜೋಳದ ಪಿಷ್ಟಕ್ಕೆ ಬದಲಿಸಿತು.

ಇದರಿಂದ ಹೊರಡುವ ನಡೆ ಸರಳ. ಟಾಲ್ಕ್ ಇರುವ ಯಾವ ಪೌಡರನ್ನೂ, ಅದಕ್ಕೆ ಬೆವರುಸಾಲೆಯ ಹೆಸರಿರಲಿ, ತಂಪಿನ ಹೆಸರಿರಲಿ, ಗುಪ್ತಾಂಗಕ್ಕೆ, ಒಳಉಡುಪಿಗೆ, ಸ್ಯಾನಿಟರಿ ಪ್ಯಾಡಿಗೆ ಹಾಕಬೇಡಿ. ಡಬ್ಬಿಯನ್ನು ಕತ್ತಿನ ಮೇಲೆ ಹಿಡಿದು ಅಲುಗಾಡಿಸಬೇಡಿ, ಮೋಡದಂತೆ ಏಳುವ ನುಣುಪು ಪುಡಿ ಉಸಿರಿನೊಳಗೆ ಹೋಗುತ್ತದೆ. ಆಸ್ತಮಾ ಇರುವವರಿಗೆ ಇದು ಇನ್ನೂ ಕೆಟ್ಟದ್ದು. ಪಿಷ್ಟದ ಪೌಡರೂ ಉಸಿರಿಗೆ ಒಳ್ಳೆಯದಲ್ಲ.

ಹಸುಳೆಗಳಿಗೆ ಪೌಡರ್ ಬೇಡವೇ ಬೇಡ. ಮಗು ಡಬ್ಬಿಯನ್ನು ಬಾಯಿ, ಮುಖದ ಮೇಲೆ ಕವುಚಿಕೊಂಡು ಪುಡಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಬೋರಿಕ್ ಆಮ್ಲ ಇರುವ ಬೆವರುಸಾಲೆ ಪೌಡರ್ ಚಿಕ್ಕ ಮಕ್ಕಳಿಗೆ ಇನ್ನೂ ಕೆಟ್ಟದ್ದು, ಕೆರೆದು ಸಿಪ್ಪೆ ಎದ್ದ ಚರ್ಮದ ಮೂಲಕ ಅದು ರಕ್ತಕ್ಕೆ ಇಳಿಯುತ್ತದೆ. ಮಗುವಿಗೆ ಬೆವರುಸಾಲೆ ಎದ್ದರೆ ಸಡಿಲವಾದ ತೆಳು ಹತ್ತಿ ಬಟ್ಟೆ, ತಂಪು ನೀರಿನಲ್ಲಿ ಒರೆಸುವುದು, ಗಾಳಿಯಾಡುವ ಕಡೆ ಮಲಗಿಸುವುದು ಸಾಕು. ಮಗುವಾಗಲಿ, ದೊಡ್ಡವರಾಗಲಿ, ಗುಳ್ಳೆಯಲ್ಲಿ ಕೀವು ಕಂಡರೆ, ಜ್ವರ ಬಂದರೆ, ಒಣಗಿಸಿಟ್ಟು ಒಂದು ವಾರ ಕಳೆದರೂ ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಬಳಸುತ್ತಿದ್ದ ಡಬ್ಬಿಯನ್ನೂ ಜೊತೆಗೆ ಒಯ್ದರೆ ಹಿಂಭಾಗದ ಪಟ್ಟಿಯನ್ನು ಅವರು ನೇರವಾಗಿ ಓದಿಕೊಳ್ಳುತ್ತಾರೆ.