ಬಿಳಿ ಹಾಳೆ ಫೋಟೋದಲ್ಲಿ ಬೂದಾಗುವುದೇಕೆ?

ಪ್ರಶ್ನೆ: ಚನ್ನಪಟ್ಟಣದ ಮರದ ಬೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಬಿಳಿ ಚಾರ್ಟ್ ಪೇಪರ್ ಮೇಲಿಟ್ಟು ಫೋಟೋ ತೆಗೆದರೂ ಹಿನ್ನೆಲೆ ಬೂದಾಗಿ ಬರುತ್ತದೆ, ಬೊಂಬೆಯ ಮೇಲೆ ಬಿಳಿ ಪಟ್ಟೆ ಹೊಳೆಯುತ್ತದೆ. ಒಳ್ಳೆಯ ಫೋನ್ ಕೊಳ್ಳಬೇಕೆ?

ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ತನ್ನ ಮುಂದಿರುವುದು ಬಿಳಿ ಹಾಳೆ ಎಂಬುದು ಫೋನಿಗೆ ತಿಳಿಯದು. ಬೆಳಕು ಹೆಚ್ಚಾಯಿತೆಂದುಕೊಂಡು ಇಡೀ ಚಿತ್ರವನ್ನೇ ಮಬ್ಬು ಮಾಡುತ್ತದೆ. ಪರದೆಯಲ್ಲಿ ಬೊಂಬೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಪಕ್ಕದಲ್ಲಿ ಸೂರ್ಯನ ಗುರುತು ಕಾಣುತ್ತದೆ. ಅದನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಹಾಳೆ ಬೆಳ್ಳಗಾಗುತ್ತಾ ಬರುತ್ತದೆ. ಬೊಂಬೆಯ ಹಳದಿ ಪೇಲವವಾಗಲು ಶುರುವಾದ ತಕ್ಷಣ ನಿಲ್ಲಿಸಿ. ಉಳಿದ ಬೂದನ್ನು ಆಮೇಲೆ ಎಡಿಟಿಂಗ್‌ನಲ್ಲಿ ತೆಗೆಯಬಹುದು, ಆದರೆ ಹಾರಿಹೋದ ಹಳದಿಯನ್ನು ತರಲಾಗದು. ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿಯಾಗಿರಬೇಕು, ವಸ್ತು ಚೌಕಟ್ಟಿನ ಶೇ. 85ರಷ್ಟನ್ನು ತುಂಬಿರಬೇಕು, ಹಾಗಾಗಿ ಎಡಿಟಿಂಗ್ ಹೇಗೂ ತಪ್ಪದು.

ಬಿಳಿ ಪಟ್ಟೆಯದು ಬೇರೆಯೇ ಕಥೆ. ಆಲೆ ಮರದ ಮೇಲೆ ಬಳಿದ ಅರಗು ಕನ್ನಡಿಯಂತೆ ಹೊಳೆಯುತ್ತದೆ. ನೀವು ಕಾಣುತ್ತಿರುವುದು ನಿಮ್ಮದೇ ಟ್ಯೂಬ್‌ಲೈಟಿನ ಪ್ರತಿಬಿಂಬ. ಲೈಟು, ಫ್ಲ್ಯಾಶ್ ಎರಡನ್ನೂ ಆರಿಸಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ಹೊಳಪು ಪೂರ್ತಿ ಹೋಗದು, ಹೋಗಲೂಬಾರದು, ಅರಗಿನ ಗುಣವೇ ಅದು. ಆದರೆ ಚೂಪು ಗೆರೆಯ ಬದಲು ಮೃದುವಾದ ಅಗಲ ಹೊಳಪು ಕಾಣುತ್ತದೆ. ಎದುರು ಬದಿ ತೀರಾ ಕಪ್ಪಾದರೆ ಅಲ್ಲೊಂದು ಥರ್ಮಾಕೋಲ್ ಹಲಗೆ ನಿಲ್ಲಿಸಿ. ಹಗಲ ಬೆಳಕಿನ ಜೊತೆ ಹಳದಿ ಬಲ್ಬನ್ನು ಮಾತ್ರ ಬೆರೆಸಬೇಡಿ: ಬೊಂಬೆಯ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ ಆಗುತ್ತದೆ, ಅದನ್ನು ಸರಿಪಡಿಸುವುದು ದೊಡ್ಡ ತಲೆನೋವು.

ಚಾರ್ಟ್ ಪೇಪರನ್ನು ಮಡಿಸದೆ, ಗೋಡೆಯಿಂದ ಮೇಜಿಗೆ ಬಾಗಿಸಿ ಅಂಟಿಸಿದರೆ ಹಿಂದೆ ಗೆರೆ ಕಾಣದು.

ಇನ್ನು ಕೋನ. ಫೋನನ್ನು ಬೊಂಬೆಗೆ ತೀರಾ ಹತ್ತಿರ ಹಿಡಿದರೆ ಅದರ ಮೂಗು ಊದಿ, ದೇಹ ಸಣ್ಣಗಾಗುತ್ತದೆ. ಎರಡು ಮೂರು ಅಡಿ ಹಿಂದೆ ಸರಿದು 2x ಬಳಸಿ. ಬೊಂಬೆ ನಿಲ್ಲುವ ಜಾಗಕ್ಕೆ ಪೆನ್ಸಿಲ್ ಚುಕ್ಕೆ, ಫೋನ್ ಸ್ಟ್ಯಾಂಡಿನ ಕಾಲುಗಳಿಗೆ ಟೇಪಿನ ತುಂಡು ಹಾಕಿಡಿ. ಮೊದಲು ಎಲ್ಲ ಬೊಂಬೆಗಳ ಎದುರು ನೋಟವನ್ನು ಒಂದೇ ಸಲಕ್ಕೆ ತೆಗೆದು ಮುಗಿಸಿ, ಆಮೇಲೆ ಓರೆ ನೋಟ, ಆಮೇಲೆ ಹಿಂಬದಿ. ಒಂದೊಂದು ಬೊಂಬೆಯನ್ನೇ ಸುತ್ತ ತಿರುಗಿ ತೆಗೆಯುತ್ತಾ ಹೋದರೆ ಹತ್ತನೆಯದರ ಹೊತ್ತಿಗೆ ಎತ್ತರವೂ ಬೆಳಕೂ ಬದಲಾಗಿರುತ್ತವೆ.

ಅಪ್‌ಲೋಡ್ ಮಾಡುವ ಮುಂಚೆ ಬೊಂಬೆಯನ್ನು ಕಿಟಕಿಯ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡಿ. ಕೆಂಪು ಬೇರೆಯಾಗಿ ಕಂಡರೆ, ಮೊದಲು ಕ್ಯಾಮೆರಾದ ಫಿಲ್ಟರ್ ಆನ್ ಆಗಿದೆಯೇ ಎಂದು ಪರೀಕ್ಷಿಸಿ.