ಕಾಫಿಗೆ ನಿಂತ 15 ನಿಮಿಷದಲ್ಲಿ ಎಂಜಿನ್ನಿಗೆ ಏನಾಗುತ್ತದೆ?

ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುವ ಕಾರು. ಬೆಂಗಳೂರಿನಿಂದ ಹಾಸನದ ಕಡೆ ಹೊರಟು, ಬೆಳ್ಳೂರು ಕ್ರಾಸ್‌ನಲ್ಲಿ ಕಾಫಿಗೆಂದು ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಬಂದು ಕೀ ತಿರುಗಿಸಿದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಆರೇಳು ಸೆಕೆಂಡಿನ ಮೇಲೆ ಹಿಡಿದರೂ ಅರ್ಧ ನಿಮಿಷ ನಡುಗಿ ಆಮೇಲೆ ಸರಿಹೋಗುತ್ತದೆ. ಮರುದಿನ ಗ್ಯಾರೇಜಿಗೆ ತಂದಾಗ ತಣ್ಣಗಿರುವ ಕಾರು ಮತ್ತೆ ಒಂದೇ ಸೆಲ್ಫಿಗೆ ಸ್ಟಾರ್ಟ್. ತೊಂದರೆಯೇ ಕಾಣದಿದ್ದ ಮೇಲೆ ಪ್ಲಗ್ಗು, ಬ್ಯಾಟರಿ, ಯಾವುದೋ ಒಂದು ಸೆನ್ಸರ್ ಹೀಗೆ ಊಹೆಯ ಮೇಲೆ ಸಾಮಾನು ಬದಲಾಗುತ್ತ ಹೋಗುತ್ತವೆ, ದುಡ್ಡೂ ಹೋಗುತ್ತದೆ. ಪೋರ್ಟ್ ಇಂಜೆಕ್ಷನ್ ಇರುವ, ಎಂದರೆ ಪೆಟ್ರೋಲನ್ನು ಗಾಳಿ ಒಳಹೋಗುವ ಹಾದಿಯಲ್ಲೇ ಸಿಂಪಡಿಸುವ, ಮಾಮೂಲಿ ಪೆಟ್ರೋಲ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ದೂರನ್ನು ಬಿಡಿಸಿ ನೋಡೋಣ.

ಓಡುತ್ತಿರುವ ಎಂಜಿನ್ನಿನ ಕೂಲೆಂಟ್ ಸುಮಾರು 90 ಡಿಗ್ರಿಯಲ್ಲಿ ಇರುತ್ತದೆ. ನೀರಿನ ಪಂಪು ತಿರುಗುತ್ತಿರುತ್ತದೆ, ಮುಂದಿನಿಂದ ಗಾಳಿ ಬೀಸುತ್ತಿರುತ್ತದೆ. ಕೀ ಆಫ್ ಮಾಡಿದ ಕ್ಷಣ ಇವೆರಡೂ ನಿಲ್ಲುತ್ತವೆ, ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಹೆಡ್ಡಿನಲ್ಲಿ ತುಂಬಿಕೊಂಡ ಕಾವು ಎಲ್ಲಿಗೂ ಹೋಗುವುದಿಲ್ಲ. ಅದು ನಿಧಾನವಾಗಿ ಇಂಜೆಕ್ಟರ್‌ಗಳಿರುವ ಫ್ಯುಯೆಲ್ ರೈಲಿಗೆ, ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಸೆಲ್ಫ್ ಮೋಟರಿಗೆ, ಸೆನ್ಸರ್‌ಗಳಿಗೆ ಹರಡುತ್ತದೆ. ಆದ್ದರಿಂದ ನಿಲ್ಲಿಸಿದ ಮೇಲೆ ಬಾನೆಟ್ಟಿನ ಒಳಗೆ ಕಾವು ಕಡಿಮೆಯಾಗುವ ಬದಲು ಮೊದಲು ಏರುತ್ತದೆ. ಇದನ್ನೇ ಹೀಟ್ ಸೋಕ್ ಎನ್ನುವುದು. ಸಾಮಾನ್ಯವಾಗಿ 15ರಿಂದ 30 ನಿಮಿಷದ ನಡುವೆ ಇದು ಜೋರಾಗಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಎರಡು ನಿಮಿಷ ನಿಂತಾಗ ತೊಂದರೆ ಇಲ್ಲ, ಮೂರು ಗಂಟೆ ನಿಂತಾಗಲೂ ಇಲ್ಲ, ಕಾಫಿಯ ಹೊತ್ತಿಗೆ ಮಾತ್ರ ಇದೆ ಎನ್ನುವುದು ಇದಕ್ಕೇ.

ಹೀಟ್ ಸೋಕ್ ಎಲ್ಲ ಕಾರಿನಲ್ಲೂ ಆಗುತ್ತದೆ. ನೆಟ್ಟಗಿರುವ ಕಾರು ಅದನ್ನು ತಾಳಿಕೊಳ್ಳುವಂತೆಯೇ ತಯಾರಾಗಿರುತ್ತದೆ. ಆಗಲೇ ಸೋತಿದ್ದ ಒಂದು ಭಾಗವನ್ನು ಅದು ಹೊರಗೆ ತೋರಿಸುತ್ತದೆ, ಅಷ್ಟೇ. ಹಾಗಾಗಿ ಪತ್ತೆಯನ್ನೂ ಆ ಕಾಲು ಗಂಟೆಯಲ್ಲೇ ಮಾಡಬೇಕು. ತಣ್ಣಗಿನ ಕಾರಿಗೆ ಸ್ಕ್ಯಾನರ್ ಹಾಕಿ "ಕೋಡ್ ಏನೂ ಇಲ್ಲ" ಎಂದು ಹೇಳಿ ಕಳಿಸಿದರೆ ಕೆಲಸವಾದಂತಲ್ಲ.

ಮೊದಲು ಸೆಲ್ಫಿನ ಸದ್ದು ಕೇಳಿ. ಬಿಸಿಯಲ್ಲಿ ಅದು ಎಳೆದೆಳೆದು ನಿಧಾನಕ್ಕೆ ತಿರುಗುತ್ತಿದ್ದರೆ ತೊಂದರೆ ಸೆಲ್ಫ್ ಮೋಟರಿನದು, ಬ್ಯಾಟರಿಯದು ಇಲ್ಲವೇ ಅರ್ತಿಂಗ್ ವೈರಿನದು. ಅಲ್ಲಿ ಸೆನ್ಸರ್ ಹುಡುಕುವುದು ವ್ಯರ್ಥ. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಮುಂದೆ ಹೋಗೋಣ. ಇಲ್ಲಿ ಮಾಲೀಕರೇ, ರಸ್ತೆ ಬದಿಯಲ್ಲೇ, ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಒಂದು ಸಲಕ್ಕೆ ಒಂದನ್ನೇ ಮಾಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಒಂದು ನಿಲುಗಡೆಯಲ್ಲಿ ಹೀಗೆ ಮಾಡಿ: ಸೆಲ್ಫ್ ಹೊಡೆಯದೆ ಕೀಯನ್ನು ಆನ್‌ಗೆ ತಂದು ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಮೂರು ಸಲ ಹೀಗೆ ಮಾಡಿ ನಾಲ್ಕನೆಯದಕ್ಕೆ ಸ್ಟಾರ್ಟ್ ಮಾಡಿ. ಪ್ರತಿ ಸಲ ಕೀ ಆನ್ ಆದಾಗ ಟ್ಯಾಂಕಿನೊಳಗಿನ ಪಂಪು ಸುಮಾರು ಎರಡು ಸೆಕೆಂಡ್ ಓಡಿ ರೈಲಿನಲ್ಲಿ ಒತ್ತಡ ತುಂಬುತ್ತದೆ. ಈಗ ಒಂದೇ ಏಟಿಗೆ ಹಿಡಿದರೆ, ನಿಂತಿದ್ದಾಗ ಒತ್ತಡ ಇಳಿದುಹೋಗಿತ್ತು ಎಂದರ್ಥ. ಈ ಕಾರುಗಳ ರೈಲಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ಅಷ್ಟು ಒತ್ತಡದಲ್ಲಿರುವ ಪೆಟ್ರೋಲ್ ಬಿಸಿಯಾದರೂ ಸುಲಭಕ್ಕೆ ಕುದಿಯುವುದಿಲ್ಲ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಸವೆದು ಒತ್ತಡ ಹಿಂದಕ್ಕೆ ಜಾರಿದರೆ ಅದೇ ಪೆಟ್ರೋಲ್ ರೈಲಿನಲ್ಲೇ ಆವಿಯಾಗಿ, ಇಂಜೆಕ್ಟರ್ ತೆರೆದಾಗ ಇಂಧನದ ಬದಲು ಆವಿ ಬರುತ್ತದೆ. ಖಚಿತಪಡಿಸಿಕೊಳ್ಳಲು ಗ್ಯಾರೇಜಿನವರು ಪ್ರೆಶರ್ ಗೇಜ್ ಹಾಕಿ, ಬಿಸಿ ಎಂಜಿನ್ ಆಫ್ ಮಾಡಿದ 15 ನಿಮಿಷಕ್ಕೆ ಎಷ್ಟು ಉಳಿದಿದೆ ಎಂದು ನೋಡಬೇಕು.

ಇನ್ನೊಂದು ನಿಲುಗಡೆಯಲ್ಲಿ ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ ಸೆಲ್ಫ್ ಹೊಡೆಯಿರಿ. ಎಂಜಿನ್ ಹಿಡಿದ ಕೂಡಲೇ ಕಾಲು ತೆಗೆಯಿರಿ. ಬಹುತೇಕ ಇಂಜೆಕ್ಷನ್ ಕಾರುಗಳಲ್ಲಿ, ಪೆಡಲ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ. ಬರೀ ಗಾಳಿ ಒಳಗೆ ಹೋಗಿ ಹೆಚ್ಚಾಗಿದ್ದ ಪೆಟ್ರೋಲನ್ನು ತೊಳೆಯುತ್ತದೆ. ಇದರಿಂದ ಸ್ಟಾರ್ಟ್ ಆಗಿ, ಜೊತೆಗೆ ಪೆಟ್ರೋಲ್ ವಾಸನೆಯೋ ಸ್ವಲ್ಪ ಕಪ್ಪು ಹೊಗೆಯೋ ಬಂದರೆ ಸಿಲಿಂಡರಿಗೆ ಇಂಧನ ಅತಿಯಾಗಿ ಹೋಗಿದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು, ಅಥವಾ ಎಂಜಿನ್ ತಣ್ಣಗಿದೆ ಎಂದು ಯಾವುದೋ ಸೆನ್ಸರ್ ಇಸಿಎಂಗೆ ಸುಳ್ಳು ಹೇಳುತ್ತಿರಬಹುದು.

ಈ ಎರಡರಿಂದಲೂ ಏನೂ ಆಗದೆ, ಅರ್ಧ ಗಂಟೆ ಬಾನೆಟ್ ತೆರೆದಿಟ್ಟ ಮೇಲೆ ತಾನಾಗಿಯೇ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರನ್ನು ಮೊದಲು ಅನುಮಾನಿಸಿ. ಎಂಜಿನ್ ತಿರುಗುತ್ತಿದೆ ಎಂದು ಇಸಿಎಂಗೆ ಹೇಳುವುದೇ ಅದು. ಅದು ಸುಮ್ಮನಾದರೆ ಕಿಡಿಯೂ ಇಲ್ಲ, ಇಂಧನವೂ ಇಲ್ಲ. ಎರಡು ವೈರಿನ ಮಾದರಿಯಲ್ಲಿ ಒಳಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ಎಲ್ಲೋ ಬಿರುಕು ಬಿಟ್ಟ ತಂತಿ ತಣ್ಣಗಿದ್ದಾಗ ತಾಗಿಕೊಂಡೇ ಇದ್ದು, ಕಾವಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಸ್ಟಾರ್ಟ್ ಆಗದ ಹೊತ್ತಿನಲ್ಲೇ ಸ್ಕ್ಯಾನರ್‌ನಲ್ಲಿ ಎಂಜಿನ್ ಆರ್‌ಪಿಎಂ ನೋಡಿಕೊಂಡು ಸೆಲ್ಫ್ ಹೊಡೆಯಿರಿ. 200ರ ಆಸುಪಾಸು ಬಂದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಸೊನ್ನೆಯೇ ನಿಂತಿದ್ದರೆ ಸೆನ್ಸರಿನ ಮೇಲೆ ಒದ್ದೆ ಬಟ್ಟೆ ಇಟ್ಟು ಐದು ನಿಮಿಷ ಬಿಟ್ಟು ನೋಡಿ (ಪಕ್ಕದ ಎಕ್ಸಾಸ್ಟ್ ಪೈಪಿಗೆ ನೀರು ಸುರಿಯಬೇಡಿ). ಆರ್‌ಪಿಎಂ ಮರಳಿ ಬಂದರೆ ಬಹುಪಾಲು ಸೆನ್ಸರಿನದೇ ತಪ್ಪು. ಕ್ರ್ಯಾಂಕ್ ಸೆನ್ಸರಿನ ದೋಷ ಹೇಳುವ P0335 ಕೋಡ್ ಬಂದೇ ಬರುತ್ತದೆ ಎಂದು ಕಾಯಬೇಡಿ, ಎಷ್ಟೋ ಸಲ ಅದು ದಾಖಲಾಗುವುದಿಲ್ಲ. ಸುರುಳಿಯ ಬದಲು ಒಳಗೆ ಚಿಪ್ ಇರುವ ಮೂರು ವೈರಿನ ಹಾಲ್ ಮಾದರಿಯ ಸೆನ್ಸರಿಗೆ ಓಮ್ ಅಳತೆ ಹಿಡಿಯುವುದು ತಪ್ಪು, ಅದರಿಂದ ಏನೂ ತಿಳಿಯುವುದಿಲ್ಲ.

ಹೆಚ್ಚು ಜನ ದಾರಿ ತಪ್ಪುವುದು ಕೂಲೆಂಟ್ ಟೆಂಪರೇಚರ್ ಸೆನ್ಸರಿನ ವಿಷಯದಲ್ಲಿ. ಇದು ಕಾವು ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಸಣ್ಣ ಭಾಗ. ಬಹಳ ಕಡೆ ಕಾಣುವ ಒಂದು ಮಾದರಿಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 90 ಡಿಗ್ರಿಗೆ ಸುಮಾರು 240 ಓಮ್ ಇರುತ್ತದೆ. ಬೇರೆ ಕಂಪನಿಯ ಸೆನ್ಸರಿಗೆ ಅಂಕಿ ಬೇರೆ, ಲೆಕ್ಕದ ರೀತಿ ಒಂದೇ.

ಈ ಮಾದರಿಯನ್ನೇ ಇಟ್ಟುಕೊಂಡು ಒಂದು ಕೇಸ್ ನೋಡೋಣ. ಸೆನ್ಸರಿನ ಕಪ್ಲರ್ ಹತ್ತಿರ ಅರ್ತಿಂಗ್ ವೈರಿನ ಒಳಗೆ ನೀರಿಳಿದು, ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿದು, ವೈರಿನಲ್ಲೇ 900 ಓಮ್ ಹೆಚ್ಚುವರಿ ಅಡ್ಡಿ ಸೇರಿಕೊಂಡಿದೆ ಎನ್ನಿ. ಬೆಳಿಗ್ಗೆ 20 ಡಿಗ್ರಿಯಲ್ಲಿ ಇಸಿಎಂಗೆ ಕಾಣುವುದು 2,500ಕ್ಕೆ 900 ಸೇರಿ 3,400 ಓಮ್. ಅದನ್ನು ಅದು 12-13 ಡಿಗ್ರಿ ಎಂದು ಓದುತ್ತದೆ. ಏಳೆಂಟು ಡಿಗ್ರಿಯ ತಪ್ಪು. ಪೆಟ್ರೋಲ್ ಚೂರು ಹೆಚ್ಚು ಹೋಗುತ್ತದೆ, ಎಂಜಿನ್ ಚೆನ್ನಾಗಿಯೇ ಹಿಡಿಯುತ್ತದೆ. ಅದೇ ಎಂಜಿನ್ 90 ಡಿಗ್ರಿಗೆ ಬಂದಾಗ 240ಕ್ಕೆ 900 ಸೇರಿ 1,140 ಓಮ್. ಇಸಿಎಂ ಓದುವುದು 41 ಡಿಗ್ರಿ. ಈಗ ತಪ್ಪು ಸುಮಾರು 50 ಡಿಗ್ರಿ! ಕುದಿಯುವಷ್ಟು ಬಿಸಿಯಾದ ಎಂಜಿನ್ನಿಗೆ ಅರೆತಣ್ಣನೆಯ ಎಂಜಿನ್ನಿನ ಲೆಕ್ಕದಲ್ಲಿ ಪೆಟ್ರೋಲ್ ಸುರಿಯುತ್ತದೆ, ಪ್ಲಗ್ಗು ನೆನೆಯುತ್ತದೆ. ವೈರಿನ ದೋಷ ಬೆಳಿಗ್ಗೆಯೂ ಸಂಜೆಯೂ ಒಂದೇ. ಬಿಸಿಯಲ್ಲಿ ಸೆನ್ಸರಿನ ಸ್ವಂತ ಅಂಕಿ ಚಿಕ್ಕದಾಗುವುದರಿಂದ ಸೇರಿಕೊಂಡ ಓಮ್ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಓಡುವಾಗ ಯಾಕೆ ಗೊತ್ತಾಗುವುದಿಲ್ಲ? ಓಡುವಾಗ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ ಇಂಧನವನ್ನು ಕಡಿತಗೊಳಿಸುತ್ತಿರುತ್ತದೆ. ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಆ ತಿದ್ದುಪಡಿ ಇರುವುದಿಲ್ಲ, ಟೆಂಪರೇಚರ್ ಸೆನ್ಸರ್ ಹೇಳಿದ್ದೇ ವೇದವಾಕ್ಯ. ಸೆನ್ಸರ್ ಕೋಡ್ ಕೂಡ ಬರುವುದಿಲ್ಲ, ಏಕೆಂದರೆ 41 ಡಿಗ್ರಿ ಅಸಾಧ್ಯವಾದ ಅಂಕಿಯಲ್ಲ. ಕೆಲವು ಕಾರುಗಳಲ್ಲಿ P0128 ಬರುತ್ತದೆ, ಎಂದರೆ ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎಂದು. ಅದನ್ನು ನಂಬಿ ಚೆನ್ನಾಗಿದ್ದ ಥರ್ಮೋಸ್ಟಾಟ್ ಬದಲಾಯಿಸಿಬಿಡುತ್ತಾರೆ.

ಹಿಡಿಯುವ ಕ್ರಮ ಹೀಗೆ. ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಿ, ಕೂಲೆಂಟ್ ಮತ್ತು ಇನ್‌ಟೇಕ್ ಗಾಳಿಯ ಕಾವನ್ನು ಅಕ್ಕಪಕ್ಕ ನೋಡಿ. ಎರಡಕ್ಕೂ ಮೂರ್ನಾಲ್ಕು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಮ್ಮ ಕೇಸಿನಲ್ಲಿ ಗಾಳಿ 20, ಕೂಲೆಂಟ್ 12. ಸುಳಿವು ತಣ್ಣಗಿರುವಾಗಲೇ ಇದೆ. ಆಮೇಲೆ ಸೆನ್ಸರಿನ ಕಪ್ಲರ್ ಬಿಚ್ಚಿ. ಸ್ಕ್ಯಾನರ್‌ನಲ್ಲಿ ಮೈನಸ್ 40 ಅಥವಾ ಅದರ ಸುತ್ತಮುತ್ತ ಬರಬೇಕು. ಈಗ ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ತುಂಡು ತಂತಿಯಿಂದ ಸೇರಿಸಿ. ಅಂಕಿ ಗರಿಷ್ಠಕ್ಕೆ, ಅಂದರೆ 120-130ರ ಮೇಲಕ್ಕೆ, ಹಾರಬೇಕು. ಕೆಲವು ಕಾರುಗಳು ಈ ಎರಡೂ ಹೊತ್ತಿನಲ್ಲಿ ತಾವೇ ಊಹಿಸಿದ ಅಂಕಿಯನ್ನು ತೋರಿಸುತ್ತವೆ. ಆಗ ತಂತಿಯ ಬದಲು 270 ಓಮ್‌ನ ರೆಸಿಸ್ಟರ್ ಸಿಕ್ಕಿಸಿದರೆ ಈ ಮಾದರಿಯಲ್ಲಿ 85ರ ಹತ್ತಿರ ಬರಬೇಕು.

ನಮ್ಮ ಕೇಸಿನಲ್ಲಿ ತಂತಿ ಸೇರಿಸಿದಾಗ ಬರುವುದು 48. ಸೆನ್ಸರೇ ಇಲ್ಲದಿದ್ದರೂ 900 ಓಮ್ ಕಾಣುತ್ತಿದೆ, ಹಾಗಾಗಿ ತಪ್ಪು ಸೆನ್ಸರಿನದಲ್ಲ, ವೈರಿಂಗ್‌ನದು. ಹೊಸ ಸೆನ್ಸರ್ ಎಷ್ಟು ಹಾಕಿದರೂ ಇದು ಹೋಗುವುದಿಲ್ಲ. ಕಪ್ಲರ್ ಮತ್ತೆ ಸಿಕ್ಕಿಸಿ ಕೀ ಆನ್ ಇಟ್ಟು, ಅರ್ತಿಂಗ್ ಪಿನ್ನಿನ ಹಿಂಬದಿಯಿಂದ ಬ್ಯಾಟರಿ ಮೈನಸ್ಸಿಗೆ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕಾದ ಕಡೆ ಬಿಸಿ ಎಂಜಿನ್ನಿನಲ್ಲಿ 1 ವೋಲ್ಟ್ ದಾಟಿದರೆ ಕಿಲುಬು ಆ ವೈರಿನಲ್ಲೇ ಇದೆ. ಬದಲಿಗೆ ತಂತಿ ಸೇರಿಸಿದಾಗ ಗರಿಷ್ಠ ಬಂದಿದ್ದರೆ ಸೆನ್ಸರನ್ನೇ ಬಿಚ್ಚಿ ಬಿಸಿನೀರಿನಲ್ಲಿ ಅದ್ದಿ ಓಮ್ ಅಳೆಯಬೇಕು. ಅದನ್ನು ಎಂಜಿನ್ ಪೂರ್ತಿ ಆರಿದ ಮೇಲೆಯೇ ಬಿಚ್ಚಿ. ಬಿಸಿ ಕೂಲೆಂಟ್ ಒತ್ತಡದಲ್ಲಿರುತ್ತದೆ, ಮುಖಕ್ಕೆ ಚಿಮ್ಮಿದರೆ ಸುಟ್ಟುಹೋಗುತ್ತದೆ.

ವೈರ್ ರಿಪೇರಿಗೆ ಕಪ್ಲರ್‌ನಿಂದ ಹಿಂದಕ್ಕೆ ಪ್ಲಾಸ್ಟಿಕ್ ಹೊದಿಕೆ ಸುಲಿಯುತ್ತ ಹೋಗಿ, ತಾಮ್ರ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸಿ. ಕಿಲುಬು ಹಿಡಿದ ಎಳೆಯನ್ನು ಉಜ್ಜಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಹೊಸ ತುಂಡು ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಈ ಕೆಲಸವನ್ನು ಮುಂದೂಡಲೇಬೇಡಿ. ರೇಡಿಯೇಟರ್ ಫ್ಯಾನನ್ನು ಇಸಿಎಂ ಇದೇ ಸೆನ್ಸರ್ ನೋಡಿ ಆನ್ ಮಾಡುವ ಕಾರುಗಳಲ್ಲಿ, 41 ಡಿಗ್ರಿ ಎಂದು ಓದುತ್ತಿರುವಷ್ಟು ಹೊತ್ತು ಫ್ಯಾನ್ ತಿರುಗುವುದಿಲ್ಲ, ಮೀಟರಿನ ಮುಳ್ಳೂ ಮೇಲೇಳದೆ ಇರಬಹುದು. ಹೆದ್ದಾರಿಯಲ್ಲಿ ಗಾಳಿ ಕಾಪಾಡುತ್ತದೆ, ಪೇಟೆಯ ಟ್ರಾಫಿಕ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ರಿಪೇರಿ ಆದ ಮೇಲೆ ಮತ್ತೊಮ್ಮೆ ತಂತಿ ಸೇರಿಸಿ ಅಂಕಿ ಗರಿಷ್ಠಕ್ಕೆ ಹೋಗುತ್ತದೆಯೇ ನೋಡಿ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬಾನೆಟ್ ಮುಚ್ಚಿಯೇ 15 ನಿಮಿಷ ಬಿಡಿ. ಕೀ ಆನ್ ಮಾಡಿದಾಗ ಕೂಲೆಂಟ್ 90 ದಾಟಿ 95-98ರಲ್ಲಿ ನಿಂತಿದ್ದರೆ ಗಾಬರಿ ಬೇಡ, ಅದು ಹೀಟ್ ಸೋಕಿನ ಸಹಜ ಏರಿಕೆ. ಆಗ ಎಕ್ಸಲರೇಟರ್ ಮುಟ್ಟದೆ ಸೆಲ್ಫ್ ಹೊಡೆಯಿರಿ. ಒಂದೆರಡು ಸೆಕೆಂಡಿನಲ್ಲಿ ಹಿಡಿದು, ವಾಸನೆಯಿಲ್ಲದೆ ಸಮನಾಗಿ ನಿಂತರೆ ಕಾರನ್ನು ಮಾಲೀಕರಿಗೆ ಕೊಡಬಹುದು.